ಅಕ್ಕನ ಬೇಕರಿಗೆ ಹೆಸರು ಬರೆಯಲು ಕೂತೆ, 'ಕ್ಕ' ಮತ್ತು 'ರೆ' ನಡುವೆ ಆಟೋ ಹೋಗುವಷ್ಟು ಜಾಗ ಬಿದ್ದಿದೆ. ಏನು ಮಾಡಲಿ?

ಕೌಲ್‌ಬಜಾರ್ ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕ ಬಳ್ಳಾರಿಯಲ್ಲಿ ಒಂದು ಚಿಕ್ಕ ಬೇಕರಿ ಹಾಕುತ್ತಿದ್ದಾಳೆ. ಒಂದು ಓವನ್, ಒಂದು ಗಾಜಿನ ಕಪಾಟು, ಇಬ್ಬರು ಕೆಲಸದವರು, ಅಷ್ಟೇ. "ಇಡೀ ದಿನ ಕಂಪ್ಯೂಟರ್ ಮುಂದೆ ಕೂತಿರ್ತೀಯಲ್ಲ, ಹೆಸರು ನೀನೇ ಮಾಡಿಕೊಡು" ಅಂದಳು. ಕೇಕಿನ ಚಿತ್ರ, ಟೋಪಿ ಹಾಕಿದ ಬಾಣಸಿಗ ಎಲ್ಲ ಬೇಡವಂತೆ. ಅಕ್ಷರ ನೋಡಿದರೇ ನಮ್ಮ ಅಂಗಡಿ ಅಂತ ಗೊತ್ತಾಗಬೇಕಂತೆ.

ನಿಜವಾದ ಹೆಸರು ಈಗಲೇ ಹೇಳಲ್ಲ. 'ಅಕ್ಕರೆ ಬೇಕರಿ' ಅಂತ ಇಟ್ಟುಕೊಳ್ಳಿ, ಒತ್ತು, ದೀರ್ಘ ಎಲ್ಲ ಅದರಲ್ಲೂ ಇದೇ ಜಾಗದಲ್ಲಿ ಬರುತ್ತವೆ. ಬೋರ್ಡ್ 10 ಅಡಿ ಅಗಲ, 3 ಅಡಿ ಎತ್ತರ. ಮೇಲೆ ದೊಡ್ಡದಾಗಿ 'ಅಕ್ಕರೆ', ಕೆಳಗೆ ಸಣ್ಣದಾಗಿ 'ಬೇಕರಿ'. ಇಂಕ್‌ಸ್ಕೇಪ್‌ನಲ್ಲಿ ಬಲೂ ತಮ್ಮ ಫಾಂಟ್ ಹಾಕಿ ಟೈಪ್ ಮಾಡಿದೆ. ಅಕ್ಷರದ ಎತ್ತರ 100 ಮಿಮೀ ಇಟ್ಟು ಅಳೆದೆ. ಅ ಮತ್ತು ಕ ನಡುವೆ 9 ಮಿಮೀ, ಕ್ಕ ಮತ್ತು ರೆ ನಡುವೆ 24 ಮಿಮೀ. 'ಅಕ್ಕ' ಒಂದು ಕಡೆ, 'ರೆ' ಇನ್ನೊಂದು ಕಡೆ. ಅಕ್ಕನನ್ನು ಯಾರೋ "ರೇ" ಅಂತ ಕೂಗಿದ ಹಾಗಿದೆ.

ಇನ್ನೊಂದು ಗೋಳು. ಸುಮ್ನೆ ಫಾಂಟ್ ಟೈಪ್ ಮಾಡಿಟ್ಟರೆ ಅದೇನು ಗುರುತು ಅಂತ ಎರಡು ಅಕ್ಷರ ತಿದ್ದಿದೆ. ರೆ ಹೊಟ್ಟೆಯೊಳಗೆ ಒಂದು ಕೆಂಪು ಚೆರ್ರಿ ಇಟ್ಟೆ. ಅ ಬಾಲವನ್ನು ಮೇಲಕ್ಕೆ ಎಳೆದು ಹಬೆ ತರ ಮಾಡಿದೆ. ಅಕ್ಕನ ಮಗಳು ಎರಡನೇ ಕ್ಲಾಸು. ಕೂಡಿಸಿ ಕೂಡಿಸಿ ಓದಿದಳು: "ಆಕ್ಕಠೆ". ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು.

ತಿಳಿದವರು ಹೇಳಿ. ಜಾಗ ಹೇಗೆ ಸರಿ ಮಾಡಲಿ, ಯಾವ ಅಕ್ಷರ ಮುಟ್ಟಲಿ?

ಟೋಸ್ಟ್ ಪ್ರಿಯೆ
ಆಕ್ಕಠೆ 😂 ಮಗುಗೆ ಒಂದು ಕ್ರೀಮ್ ಬನ್ ಕೊಡಿಸಿ. ಅವಳೇ ನಿಮ್ಮ ಪರೀಕ್ಷಕಿ.

ಪ್ರೀಮಿಯಂ ಲುಕ್
ಬ್ರೋ ಸಿಂಪಲ್. ಎಲ್ಲ ಅಕ್ಷರಕ್ಕೂ ಟ್ರ್ಯಾಕಿಂಗ್ ಜಾಸ್ತಿ ಮಾಡಿ. 24 ದೊಡ್ಡದಾಗಿ ಕಾಣುತ್ತಿರೋದು 9 ಚಿಕ್ಕದಾಗಿರೋದಕ್ಕೆ. ಎಲ್ಲವನ್ನೂ ಬಿಡಿಸಿದರೆ ಯಾರಿಗೂ ಗೊತ್ತಾಗಲ್ಲ. ದೊಡ್ಡ ಬ್ರ್ಯಾಂಡ್‌ಗಳೆಲ್ಲ ಹಾಗೇ ಗಾಳಿ ಆಡೋ ತರ ಬರೆಯುತ್ತವೆ.

ಕೌಲ್‌ಬಜಾರ್ ಹುಡುಗ
ಮಾಡಿ ನೋಡಿದೆ ಅಣ್ಣ. 9 ಹೋಗಿ 19 ಆಯ್ತು, 24 ಹೋಗಿ 34 ಆಯ್ತು. ಈಗ ಆಟೋ ಬದಲು ಲಾರಿ ಹೋಗುತ್ತದೆ.

ಒತ್ತಕ್ಷರ
ಪ್ರೀಮಿಯಂ ಲುಕ್ ಅವರೇ, ಅದು ಇಂಗ್ಲಿಷ್‌ನ ದೊಡ್ಡಕ್ಷರಕ್ಕೆ ನಡೆಯುತ್ತದೆ. ಅಲ್ಲಿ ಒಂದೊಂದು ಅಕ್ಷರ ಒಂಟಿ ಕಂಬ. ನಮ್ಮಲ್ಲಿ ಒಂದು ಅಕ್ಷರ ಅಂದರೆ ಎರಡು ಮೂರು ತುಂಡಿನ ಸಂಸಾರ.

ಹುಡುಗ, ನಿನ್ನ 24 ಮಿಮೀ ಎಲ್ಲಿಂದ ಬಂತು ನೋಡು. ಹೆಚ್ಚಿನ ಕನ್ನಡ ಫಾಂಟ್‌ಗಳಲ್ಲಿ ಒತ್ತು ಅಕ್ಷರದ ನೇರ ಕೆಳಗೆ ಕೂರಲ್ಲ. ಕೆಳಗೆ, ಸ್ವಲ್ಪ ಬಲಕ್ಕೆ ಕೂರುತ್ತದೆ. ಹಾಗೆ ಬಲಕ್ಕೆ ಚಾಚಿದ ಭಾಗಕ್ಕೂ ಫಾಂಟ್ ಮಾಡಿದವರು ಜಾಗ ಕಾದಿಟ್ಟಿರುತ್ತಾರೆ. ಯಾಕಂದ್ರೆ ಮುಂದೆ ಯಾವ ಅಕ್ಷರ ಬರುತ್ತದೋ ಅವರಿಗೆ ಗೊತ್ತಿಲ್ಲ. ಅಲ್ಲೂ ಒತ್ತು ಬಂದರೆ ಒಂದಕ್ಕೊಂದು ಗುದ್ದಬಾರದಲ್ಲ. ಪುಸ್ತಕದ ಸಾಲಿನಲ್ಲಿ ಆ ಜಾಗ ಕಣ್ಣಿಗೆ ಬೀಳಲ್ಲ. 10 ಅಡಿ ಬೋರ್ಡ್‌ನಲ್ಲಿ ಬೀಳುತ್ತದೆ.

ನಿನ್ನ ಪದದಲ್ಲಿ ಕ್ಕ ಆದಮೇಲೆ ರೆ ಬರುತ್ತದೆ. ರೆ ಕೆಳಗೆ ಏನೂ ಇಲ್ಲ. ಅಂದರೆ ಒತ್ತು ಎಷ್ಟು ಬೇಕಾದರೂ ರೆ ಕಾಲಡಿಗೆ ನುಗ್ಗಬಹುದು, ಇಲ್ಲವೇ ಕ ಕಾಲಡಿಗೆ ಸರಿಯಬಹುದು. ಫಾಂಟ್‌ಗೆ ಗೊತ್ತಿಲ್ಲದ ಈ ವಿಷಯ ನಿನಗೆ ಗೊತ್ತಿದೆ. ಒಂದೇ ಪದ ಬರೆಯುವವನಿಗೆ ಇರುವ ಲಾಭ ಇದು.

ಟೈಪ್ ಮಾಡಿದ ಪಠ್ಯವಾಗಿರುವ ತನಕ ಮಾತ್ರ ಒತ್ತೊಂದನ್ನೇ ಹಿಡಿದು ಸರಿಸಲು ಆಗಲ್ಲ. Alt ಒತ್ತಿ ಬಾಣದ ಕೀ ಒತ್ತಿದರೆ ಇಡೀ ಕ್ಕ ಜರುಗುತ್ತದೆ. ಕರ್ಸರ್ ಕ ಮತ್ತು ಒತ್ತಿನ ನಡುವೆ ನಿಲ್ಲುವುದೇ ಇಲ್ಲ. ಆದ್ದರಿಂದ ಮೊದಲು Path > Object to Path ಕೊಡು, ಆಮೇಲೆ Ungroup ಮಾಡು. ಆಗ ಒತ್ತು ಬೇರೆ ತುಂಡಾಗಿ ಕೈಗೆ ಸಿಗುತ್ತದೆ.

ಕೋರೆಲ್ ಕೈಚಳಕ
ಇದೆಲ್ಲ ಯಾಕ್ರೀ. ನಾವು 15 ವರ್ಷದಿಂದ ಫ್ಲೆಕ್ಸ್ ಮಾಡ್ತಿದ್ದೀವಿ. ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದರೆ ಒತ್ತು ಬೇರೆ, ದೀರ್ಘ ಬೇರೆ, ಎಲ್ಲ ಬಿಡಿಬಿಡಿಯಾಗೇ ಬರುತ್ತದೆ. ಒಂದೊಂದನ್ನೂ ಬೇಕಾದಲ್ಲಿ ಸರಿಸಬಹುದು. ಯೂನಿಕೋಡ್ ಹಳೆ ಕೋರೆಲ್‌ಗೆ ಹಾಕಿದರೆ ಒತ್ತೇ ಒಡೆದು 'ಅಕ್‌ಕರೆ' ಅಂತ ಬರುತ್ತದೆ. ನನ್ನ ಪ್ರಕಾರ ನುಡಿನೇ ಬೆಸ್ಟ್.

ಒತ್ತಕ್ಷರ
ಅರ್ಧ ಸರಿ ಅಣ್ಣ. ಹಳೆ ನುಡಿ ಫಾಂಟ್‌ನಲ್ಲಿ ತುಂಡುಗಳು ಬಿಡಿ, ಒಪ್ಪಿದೆ. ಅದಕ್ಕೇ ನಮ್ಮೂರಿನ ಫ್ಲೆಕ್ಸ್‌ಗಳಲ್ಲಿ ಅಕ್ಷರದ ನಡುವೆ ಜಾಗ ಹೆಚ್ಚಿಸಿದ ಕೂಡಲೇ ಏತ್ವದ ದೀರ್ಘ ಕಿತ್ತುಕೊಂಡು ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. 'ಬೇ' ಹೋಗಿ 'ಬೆ' ಆಗುತ್ತದೆ, ಆಮೇಲೆ ಒಂದು ಅನಾಥ ಕೊಕ್ಕೆ. ನೋಡಿಲ್ವಾ? ಯೂನಿಕೋಡ್ ಫಾಂಟ್‌ನಲ್ಲಿ ಜಾಗ ಹೆಚ್ಚಿಸಿದರೂ ಸಂಸಾರ ಒಡೆಯಲ್ಲ. ಕೊನೆಗೆ ನುಡಿ ಆಗಲಿ ಯೂನಿಕೋಡ್ ಆಗಲಿ, ಕೋರೆಲ್‌ನಲ್ಲಿ Ctrl+Q ಒತ್ತಿ ಗೆರೆ ಮಾಡಿಕೊಂಡೇ ತಿದ್ದಬೇಕು, ಅಲ್ವಾ?

ಕೋರೆಲ್ ಕೈಚಳಕ
ಅದು ಹೌದು. ಕರ್ವ್ ಮಾಡದೆ ಪ್ರಿಂಟ್‌ಗೆ ಕಳಿಸಿದರೆ ಅವರ ಸಿಸ್ಟಮ್‌ನಲ್ಲಿ ಫಾಂಟೇ ಇರಲ್ಲ.

ಗಂಗಾವತಿ ಸೋನಾ
ಬೇಕರಿಗೆ ಆಹಾರ ಇಲಾಖೆ ಲೈಸೆನ್ಸ್ ನಂಬರ್ ಬೋರ್ಡ್ ಮೇಲೆ ಎಲ್ಲಿ ಬರೀಬೇಕು ಅಂತ ಕೇಳ್ತಿದ್ದೀರಾ? ನನ್ನ ತಮ್ಮನಿಗೂ ಅದೇ ಗೊಂದಲ.

ಟೋಸ್ಟ್ ಪ್ರಿಯೆ
ಇಲ್ಲ ಅಣ್ಣ, ಇಲ್ಲಿ ಒತ್ತಕ್ಷರದ ಜಗಳ.

ಬ್ರಶ್ ತಾತ
ನಾನು ಬ್ರೂಸ್‌ಪೇಟೆ ಕಡೆ ಬಹಳ ವರ್ಷ ಅಂಗಡಿ ಬೋರ್ಡ್ ಬರೆದವನು. ಈಗ ಕಣ್ಣು ಮಂಜು, ಮೊಮ್ಮಗ ಟೈಪ್ ಮಾಡುತ್ತಿದ್ದಾನೆ.

ನಾವು ಮಿಮೀ ಹಿಡಿದವರೇ ಅಲ್ಲ. ಎರಡು ಅಕ್ಷರದ ನಡುವಿನ ಸಂದಿಯಲ್ಲಿ ಜೋಳ ತುಂಬಿದರೆ ಎಷ್ಟು ಹಿಡಿಯುತ್ತದೆ ಅಂತ ಕಣ್ಣಲ್ಲೇ ಅಳೆಯುತ್ತಿದ್ದೆವು. ಈ ಸಂದಿಗೆ ಒಂದು ಸೇರು, ಆ ಸಂದಿಗೂ ಒಂದು ಸೇರು. ಅಷ್ಟಿದ್ದರೆ ಸರಿ. ಕ ಅಡ್ಡಗೆರೆ ಚೂಪಾಗಿ ಹೊರಗೆ ಬಂದಿರುತ್ತದೆ. ಅಲ್ಲಿ ಸ್ಕೇಲ್ ಇಟ್ಟರೆ ಸಂದಿ ಚಿಕ್ಕದು. ಆದರೆ ಅದರ ಮೇಲೆ, ಕೆಳಗೆ ಜಾಗ ತೆರೆದೇ ಇರುತ್ತದೆ, ಜೋಳ ಬಹಳ ಹಿಡಿಯುತ್ತದೆ. ಎರಡು ದುಂಡು ಹೊಟ್ಟೆ ಎದುರುಬದುರಾದರೆ ಬೇರೆ ಲೆಕ್ಕ. ಆದ್ದರಿಂದ ಸ್ಕೇಲ್ ಪಕ್ಕಕ್ಕಿಡು.

ಇನ್ನು ಚೆರ್ರಿ. ರ ಒಳಗೆ ಚುಕ್ಕೆ ಇಟ್ಟರೆ ಠ ಆಗುತ್ತದೆ ಅಂತ ಒಂದನೇ ಕ್ಲಾಸಿನಲ್ಲಿ ಕಲಿಸಿಲ್ಲವೇನಪ್ಪ? ಅ ಬಾಲ ಎತ್ತಿದರೆ ಆ. ನಾಳೆ ಬ ಕೆಳಗೆ ಬ್ರೆಡ್ ಸೀಳಿದ ಹಾಗೆ ಒಂದು ಗೆರೆ ಹಾಕುತ್ತೀಯ, ಮಹಾಪ್ರಾಣ ಬಂದುಬಿಡುತ್ತದೆ. ಭೇಕರಿ! ಕನ್ನಡದಲ್ಲಿ ಒಂದು ಚುಕ್ಕೆ, ಒಂದು ಸೀಳು, ಒಂದು ಕೊಕ್ಕೆ, ಅಷ್ಟಕ್ಕೇ ಅಕ್ಷರ ಬದಲಾಗುತ್ತದೆ. ಅಲಂಕಾರ ಮಾಡುವಾಗ ಆ ಮೂರು ಜಾಗ ಬಿಟ್ಟು ಬೇರೆ ಕಡೆ ಮಾಡು.

ಪ್ರೀಮಿಯಂ ಲುಕ್
ತಾತ, ಭೇಕರಿ ಅಂದ್ರೆ ಭಯಂಕರ ಬೇಕರಿ 😀

ರಾಯಚೂರು ಬಿಸಿಲು
ನಮ್ಮ ಏರಿಯಾದಲ್ಲಿ ಒಬ್ಬರು ತಲೆಕಟ್ಟನ್ನು ಟಿಕ್ ಮಾರ್ಕ್ ತರ ಮೇಲೆ ತೇಲಿಸಿ ಬರೆಸಿದ್ದರು. ಮಾಡರ್ನ್ ಅಂತೆ. ಬಂದವರೆಲ್ಲ "ತೆಲುಗು ಬೋರ್ಡ್ ಯಾಕೆ ಹಾಕಿದ್ದೀರಿ" ಅಂತ ಕೇಳಲು ಶುರು ಮಾಡಿದರು. ಕ, ರ ಇದ್ದರೆ ಜೋಪಾನ. ತಲೆಕಟ್ಟು ಒಂದರಿಂದಲೇ ಅದು ಆ ಕಡೆ ಈ ಕಡೆ ಆಗುತ್ತದೆ.

ಕೌಲ್‌ಬಜಾರ್ ಹುಡುಗ
ಅಯ್ಯೋ ಅದನ್ನೂ ಮಾಡಿ ನೋಡಿದ್ದೆ, ಹೇಳಲಿಲ್ಲ ಅಷ್ಟೇ. ಪಕ್ಕದ ಮನೆಯ ಅಜ್ಜಿ ತೆಲುಗಿನವರು. "ಮನ ಬೋರ್ಡಾ?" ಅಂತ ಖುಷಿಪಟ್ಟರು.

ಈಗಿನ ಸಮಾಚಾರ. Object to Path ಆಯ್ತು. ಒತ್ತು ಕೈಗೆ ಸಿಗಲಿಲ್ಲ ಅಂತ ಅವಸರದಲ್ಲಿ Break Apart ಕೊಟ್ಟೆ. ರೆ ಹೊಟ್ಟೆ ಪೂರ್ತಿ ಕಪ್ಪಾಗಿ ಮುಚ್ಚಿಕೊಂಡಿತು. ಅಕ್ಷರ ಸುಟ್ಟ ಬನ್ ತರ ಆಗಿದೆ.

ಒತ್ತಕ್ಷರ
ರೆ ಹೊರಗೆರೆ ಮತ್ತು ಒಳಗಿನ ತೂತು ಈಗ ಎರಡು ಬೇರೆ ತುಂಡುಗಳಾಗಿವೆ. ತೂತಿಗೂ ಕಪ್ಪು ಬಣ್ಣ ತುಂಬಿದೆ. ಅವೆರಡನ್ನೇ ಆರಿಸಿ Path > Combine ಕೊಡು, ತೂತು ವಾಪಸ್ ಬರುತ್ತದೆ. Break Apart ಬೇಕಾಗಿರಲಿಲ್ಲ. Ungroup ಇನ್ನೊಂದು ಸಲ ಕೊಟ್ಟಿದ್ದರೆ ಸಾಕಿತ್ತು.

ಈಗ ಒತ್ತನ್ನು ಎಡಕ್ಕೆ ಸರಿಸು. ಅದರ ಬಲಗೊನೆ ಕ ಬಲಗೊನೆಗಿಂತ ಸ್ವಲ್ಪವೇ ಹೊರಗಿರಲಿ. ಪೂರ್ತಿ ನೇರ ಕೆಳಗೆ ತರಬೇಡ. ಒತ್ತು ಸ್ವಲ್ಪ ಬಲಕ್ಕೆ ವಾಲಿದ್ದರೇ ನಮ್ಮ ಕಣ್ಣಿಗೆ ರೂಢಿ. ನೇರ ಕೆಳಗೆ ಇಟ್ಟರೆ ಎರಡು ಸಾಲಿನಲ್ಲಿ ಎರಡು ಕ ಬರೆದ ಹಾಗೆ ಕಾಣುತ್ತದೆ.

ಆಮೇಲೆ ರೆ ಎಳೆದು ತಾ. ಇನ್ನೊಂದು ತಡೆ ಸಿಗುತ್ತದೆ ನೋಡು, ಅದನ್ನು ನೀನೇ ಹೇಳು.

ಕೌಲ್‌ಬಜಾರ್ ಹುಡುಗ
ಸಿಕ್ತು ಅಕ್ಕ! ಕ ತಲೆಕಟ್ಟಿನ ಬಲತುದಿ. ಕೆಳಗೆ ಹೊಟ್ಟೆ ಹೊಟ್ಟೆ ನಡುವೆ ಇನ್ನೂ ಜಾಗ ಇದೆ, ಆದರೆ ಮೇಲೆ ತಲೆಕಟ್ಟು ಹೋಗಿ ರೆ ಎತ್ವಕ್ಕೆ ಗುದ್ದುತ್ತಿದೆ.

ಒತ್ತಕ್ಷರ
ಅದೇ. ಫಾಂಟ್‌ನ ಜಾಗ ತಿದ್ದಿ ಮುಗಿಯಿತು, ಇನ್ನು ಅಕ್ಷರ ತಿದ್ದುವ ಕೆಲಸ ಇಲ್ಲಿಂದ ಶುರು. ಚೆರ್ರಿ ಇಡೋದಲ್ಲ. ಯಾವ ಗೆರೆ ದಾರಿಗೆ ಅಡ್ಡ ಬರುತ್ತಿದೆಯೋ ಅದನ್ನು ತಿದ್ದಬೇಕು. ತಲೆಕಟ್ಟಿನ ಬಲತುದಿಯನ್ನು 5-6 ಮಿಮೀ ಮೊಟಕು ಮಾಡು. ಅದು ಚಿಕ್ಕದಾದರೂ ಕ ಕ-ನೇ. ಆದರೆ ಅಡ್ಡಗೆರೆ ಮುಟ್ಟಬೇಡ. ಕ ಅಡ್ಡಗೆರೆ ಸಣ್ಣದಾದರೆ ದೂರದಿಂದ ರ ತರ ಕಾಣುತ್ತದೆ. ಪಕ್ಕದಲ್ಲೇ ರೆ ಬೇರೆ ಇದೆ. 'ಅರರೆ ಬೇಕರಿ' ಆದೀತು.

ತುದಿಯನ್ನು ಕತ್ತರಿಸಿ ಹಾಗೇ ಬಿಡಬೇಡ. ಉಳಿದ ತುದಿಗಳು ದುಂಡಗಿವೆ, ಇದನ್ನೂ ದುಂಡಗೆ ಮಾಡು. ಕತ್ತರಿಸಿದ ಗುರುತು ಕಂಡರೆ ಬಿಲ್ಲೆ ಕಿತ್ತ ಹೆಂಚಿನ ಹಾಗಿರುತ್ತದೆ.

ಜೀನ್ಸ್ ಹೊಲಿಗೆ
ನಾನು ಇಲ್ಲೇ ಬಳ್ಳಾರಿಯಲ್ಲಿ ಜೀನ್ಸ್ ಯೂನಿಟ್‌ಗಳಿಗೆ ಎಂಬ್ರಾಯ್ಡರಿ ಮಾಡುತ್ತೇನೆ. ಬೋರ್ಡ್ ಬಿಡಿ, ಏಪ್ರನ್ ಮೇಲೆ ಹೊಲಿಸುತ್ತೀರಾ? ಹೊಲಿಸುವುದಾದರೆ ಒತ್ತಿನ ಗೆರೆ ಈಗಲೇ ದಪ್ಪ ಮಾಡಿ.

ಒಬ್ಬರು ತಿಂಡಿ ಅಂಗಡಿಯವರು ಕನ್ನಡ ಹೆಸರು ತಂದಿದ್ದರು. ದೊಡ್ಡ ಅಕ್ಷರ ಚೆನ್ನಾಗಿತ್ತು. ಒತ್ತನ್ನು ಮಾತ್ರ ದೊಡ್ಡ ಅಕ್ಷರದ್ದೇ ಕಾಪಿ ಮಾಡಿ ಚಿಕ್ಕದು ಮಾಡಿ ಕೂರಿಸಿದ್ದರು. ಚಿಕ್ಕದು ಮಾಡಿದರೆ ಗೆರೆಯೂ ಸಣ್ಣ ಆಗುತ್ತದಲ್ಲ. ಜೇಬಿನ ಮೇಲೆ ಅಕ್ಷರದ ಎತ್ತರ 12 ಮಿಮೀ. ದೊಡ್ಡ ಅಕ್ಷರದ ಗೆರೆ ಸುಮಾರು ಒಂದೂ ಮುಕ್ಕಾಲು ಮಿಮೀ ಬಂತು, ಹೊಲಿಗೆ ಅಂದವಾಗಿ ಕೂತಿತು. ಒತ್ತಿನ ಗೆರೆ ಮುಕ್ಕಾಲು ಮಿಮೀ. 1 ಮಿಮೀಗಿಂತ ಕಮ್ಮಿ ಆದರೆ ತುಂಬು ಹೊಲಿಗೆ ಸರಿಯಾಗಿ ನಿಲ್ಲಲ್ಲ, ದಾರ ಗಂಟುಗಂಟಾಗುತ್ತದೆ. ಒತ್ತು ನೋಡಿದರೆ ಜಿರಲೆ ಕೂತ ಹಾಗಿತ್ತು. ಪೂರ್ತಿ ಬಿಚ್ಚಿ ಮತ್ತೆ ಹಾಕಿಕೊಟ್ಟೆ, ದುಡ್ಡು ಕೇಳಲು ನನಗೇ ನಾಚಿಕೆ.

ಒತ್ತಕ್ಷರ
ಇದು ಬೋರ್ಡ್‌ಗೂ ಅನ್ವಯ. ಒಳ್ಳೆಯ ಫಾಂಟ್‌ನಲ್ಲಿ ಒತ್ತನ್ನು ಬೇರೆಯಾಗಿಯೇ ಬರೆದಿರುತ್ತಾರೆ, ಗೆರೆ ಹೆಚ್ಚು ಸಣ್ಣ ಆಗಿರಲ್ಲ. ನೀನು ಜಾಗಕ್ಕೋಸ್ಕರ ಅದನ್ನು ಇನ್ನೂ ಕುಗ್ಗಿಸಿದರೆ ಗೆರೆಯನ್ನು ಕೈಯಾರೆ ದಪ್ಪ ಮಾಡಬೇಕು. ಪೂರ್ತಿ ದೊಡ್ಡಕ್ಷರದಷ್ಟೇ ಬೇಡ. ಒಳಗಿನ ತೂತು ಮುಚ್ಚಿಹೋಗುತ್ತದೆ. ಸ್ವಲ್ಪ ಕಮ್ಮಿ ಇರಲಿ.

ಕೌಲ್‌ಬಜಾರ್ ಹುಡುಗ
ಕುಗ್ಗಿಸಲೇಬೇಕು ಅನ್ನಿಸುತ್ತೆ. ಎತ್ತರದ ಲೆಕ್ಕ ನೋಡಿ. ದೊಡ್ಡ ಅಕ್ಷರ 100 ಅಂದರೆ ಒತ್ತು ಕೆಳಗೆ 45 ಇಳಿಯುತ್ತದೆ. ಅದರ ಕೆಳಗೆ 10 ಬಿಟ್ಟು 'ಬೇಕರಿ' 35. ಒಟ್ಟು 190. ಬೋರ್ಡ್ 36 ಇಂಚು, ಮೇಲೆ ಕೆಳಗೆ 3 ಇಂಚು ಬಿಟ್ಟರೆ 30 ಉಳಿಯಿತು. ಅಂದರೆ ದೊಡ್ಡ ಅಕ್ಷರ 16 ಇಂಚೂ ಬರಲ್ಲ. ಒಂದು ಒತ್ತಿನಿಂದಾಗಿ ಅ ಕೆಳಗೂ ರೆ ಕೆಳಗೂ ಸುಮ್ನೆ ಖಾಲಿ.

ಬ್ರಶ್ ತಾತ
ಖಾಲಿ ಇದ್ದರೆ ಅಲ್ಲೇ ಬರಿ. ಒತ್ತಿನ ಬಲಕ್ಕೆ, ರೆ ಕಾಲಡಿಗೆ 'ಬೇಕರಿ' ಕೂರಿಸು. ನಾವು ಹಾಗೇ ಬರೆಯುತ್ತಿದ್ದುದು. ಬೋರ್ಡ್ ತಗಡಿಗೆ ದುಡ್ಡು ಕೊಡುವವರು ಜಾಗ ಪೋಲು ಮಾಡಲು ಬಿಡುತ್ತಿರಲಿಲ್ಲ.

ಪ್ರೀಮಿಯಂ ಲುಕ್
ಒಂದು ಐಡಿಯಾ. ಒತ್ತನ್ನು 'ಬೇಕರಿ' ಸಾಲಿನೊಳಗೇ ಇಳಿಸಿ. ಎಡಕ್ಕೆ 'ಬೇ', ನಡುವೆ ಒತ್ತು, ಬಲಕ್ಕೆ 'ಕರಿ'. ಎರಡು ಸಾಲು ಹಲ್ಲು ಕಚ್ಚಿಕೊಂಡ ಹಾಗೆ ಕೂರುತ್ತವೆ. ಸೂಪರ್ ಆಗಿರುತ್ತೆ.

ರಾಯಚೂರು ಬಿಸಿಲು
ಆಗ ಒತ್ತು ಬೇ ಪಕ್ಕ ನಿಲ್ಲುತ್ತದೆ. ಓದುವವರು 'ಬ್ಕೇಕರಿ' ಅನ್ನುತ್ತಾರೆ. ಹೇಳಿ ನೋಡಿ, ನಾಲಿಗೆ ಹೊರಳಲ್ಲ.

ಪ್ರೀಮಿಯಂ ಲುಕ್
ಬಣ್ಣ ಬೇರೆ ಕೊಟ್ಟರೆ ಆಯ್ತಲ್ಲ. ಒತ್ತು ಮೇಲಿನ ಸಾಲಿನ ಬಣ್ಣ, ಬೇಕರಿ ಬೇರೆ ಬಣ್ಣ.

ಜೀನ್ಸ್ ಹೊಲಿಗೆ
ಬಟರ್ ಪೇಪರ್ ಕವರ್ ಮೇಲೆ ರಬ್ಬರ್ ಸ್ಟ್ಯಾಂಪ್ ಹೊಡೆಯುವಾಗ ಎರಡು ಬಣ್ಣ ಎಲ್ಲಿಂದ ತರುತ್ತೀರಿ? ಒಂದೇ ಬಣ್ಣದಲ್ಲಿ ಓದಲು ಬರದಿದ್ದರೆ ಅದು ಸೋತಂಗೆ.

ಒತ್ತಕ್ಷರ
ಪ್ರೀಮಿಯಂ ಲುಕ್ ಅವರ ಐಡಿಯಾ ಕೆಟ್ಟದ್ದಲ್ಲ. ಬೋರ್ಡ್ ಮಟ್ಟಿಗೆ ನಿಲ್ಲಬಹುದು. ಆದರೆ ಒಂದು ಮಾತು ನೆನಪಿಡಿ. ಒತ್ತು ತನ್ನ ಅಕ್ಷರಕ್ಕೆ ಎಷ್ಟು ಹತ್ತಿರ ಇದೆಯೋ, ಅದಕ್ಕಿಂತ ದೂರದಲ್ಲಿ ಉಳಿದವರೆಲ್ಲ ಇರಬೇಕು. ಕ ಮತ್ತು ಒತ್ತಿನ ನಡುವೆ 5 ಇದ್ದರೆ, ಒತ್ತು ಮತ್ತು ಬೇ ನಡುವೆ 12 ಆದರೂ ಇರಲಿ. ಇದು ಬೇ ದೀರ್ಘಕ್ಕೂ ಅಷ್ಟೇ. ದೀರ್ಘ ಬೆ-ಗೆ ಅಂಟಿಕೊಂಡಿರಬೇಕು, ಮುಂದಿನ ಕ-ದಿಂದ ದೂರ ಇರಬೇಕು. ಎರಡೂ ಕಡೆ ಸಮ ಇಟ್ಟರೆ ಅದು ಯಾರ ಮನೆ ಮಗು ಅಂತ ಗೊತ್ತಾಗಲ್ಲ. ಎಲ್ಲ ಸಂದಿಯೂ ಸಮ ಇರಲಿ ಅನ್ನುವ ಮಾತು ಕನ್ನಡದಲ್ಲಿ ಅರ್ಧ ದಾರಿಗೇ ನಿಲ್ಲುತ್ತದೆ. ಅಕ್ಷರ ಅಕ್ಷರದ ನಡುವೆ ಸಮ ಇರಲಿ, ಅಕ್ಷರದ ಒಳಗೆ ಬಿಗಿ ಇರಲಿ.

ತಾತ ಹೇಳಿದ್ದನ್ನು ಲೆಕ್ಕ ಹಾಕಿದೆ. ಒತ್ತನ್ನು 35ಕ್ಕೆ ಇಳಿಸಿ, 'ಬೇಕರಿ'ಯನ್ನು ರೆ ಅಡಿಗೆ 12 ಬಿಟ್ಟು ಶುರು ಮಾಡಿದರೆ ಒಟ್ಟು ಎತ್ತರ 147. ಅದೇ 30 ಇಂಚಿಗೆ ದೊಡ್ಡ ಅಕ್ಷರ 20 ಇಂಚು ದಾಟುತ್ತದೆ. 16 ಎಲ್ಲಿ, 20 ಎಲ್ಲಿ. ಎದುರು ರಸ್ತೆಯಿಂದ ಓದುವವರಿಗೆ ಅದು ದೊಡ್ಡ ವ್ಯತ್ಯಾಸ.

ಕೋರೆಲ್ ಕೈಚಳಕ
ನಾವು ಅಕ್ರಿಲಿಕ್ ಕಟ್ಟಿಂಗ್ ಅಕ್ಷರ ಮಾಡುವಾಗ ಇನ್ನೊಂದು ಪಾಠ ಕಲಿತೆವು. ಒಬ್ಬ ಗಿರಾಕಿಯ ಬೋರ್ಡ್‌ನಲ್ಲಿ 'ಬೇ' ದೀರ್ಘ ಬಿಡಿ ತುಂಡಾಗಿತ್ತು. ಚಿಕ್ಕ ತುಂಡು, ಅಂಟು ಹಿಡಿಯಲು ಜಾಗವೇ ಇಲ್ಲ. ಏಪ್ರಿಲ್ ಬಿಸಿಲಿಗೆ ಅಂಟು ಬಿಟ್ಟು ಬಿತ್ತು. ವರ್ಷಗಟ್ಟಲೆ 'ಬೆಕರಿ' ಅಂತಲೇ ನಡೆಯಿತು ಅಂಗಡಿ. ಆಮೇಲಿಂದ ನಾನು ದೀರ್ಘವನ್ನು ಬೆ-ಗೆ ಸಣ್ಣ ಸೇತುವೆ ಕೊಟ್ಟು ಅಂಟಿಸಿಯೇ ಕಟ್ ಮಾಡುತ್ತೇನೆ. ಒತ್ತನ್ನೂ ಹಾಗೇ.

ಸಂದಿ ತೀರಾ ಬಿಗಿ ಮಾಡಿದರೆ ಅಲ್ಲಿ ಅದಿರಿನ ಕೆಂಪು ಧೂಳು ಕೂರುತ್ತದೆ, ಅದೂ ಗಮನದಲ್ಲಿರಲಿ. ಬಟ್ಟೆಯೂ ಹೋಗಲ್ಲ, ಬ್ರಶ್ಶೂ ಹೋಗಲ್ಲ.

ಒತ್ತಕ್ಷರ
ಈ ಸೇತುವೆ ಬಹಳ ಒಳ್ಳೆಯದು. ಹುಡುಗ, ನಿನ್ನ ಹೆಸರಿಗೆ ಗುರುತು ಬೇಕು ಅಂದೆಯಲ್ಲ, ಇದೇ ನಿನ್ನ ಗುರುತು. ಕ ಕೆಳಗಿನಿಂದ ಗೆರೆ ಹೊರಟು ಸುರುಳಿಯಾಗಿ ಒತ್ತಿಗೆ ಸೇರಲಿ, ಹಿಟ್ಟು ಹೊಸೆದು ಸುತ್ತಿದ ಹಾಗೆ. ಒತ್ತಿನ ಆಕಾರ ಕೆಡಬಾರದು. ಸೇರುವ ಜಾಗದಲ್ಲಿ ಗೆರೆ ಎರಡು ಪಾಲು ದಪ್ಪ ಆಗುತ್ತದೆ, ಅಲ್ಲಿ ಸ್ವಲ್ಪ ಕೊರೆದು ತೆಳು ಮಾಡು. ಇಲ್ಲದಿದ್ದರೆ ಶಾಯಿ ಸೋರಿದ ಕಲೆ ತರ ಕಾಣುತ್ತದೆ.

ಇನ್ನೊಂದು ತಿದ್ದುಪಡಿ ಸಾಕು. ಅ ಮತ್ತು ರೆ ಎರಡರ ಹೊಟ್ಟೆಯ ತಳವನ್ನು ತುಸು ಚಪ್ಪಟೆ ಮಾಡು. ಟ್ರೇ ಮೇಲೆ ಬನ್ ಕೂತಿರುತ್ತದಲ್ಲ, ಮೇಲೆ ಉಬ್ಬು, ಕೆಳಗೆ ಸಪಾಟು. ಎರಡರಲ್ಲೂ ಒಂದೇ ತರ ಮಾಡು. ಒಂದರಲ್ಲಿ ಮಾಡಿದರೆ ತಪ್ಪು ಅನ್ನಿಸುತ್ತದೆ, ಎರಡರಲ್ಲಿ ಮಾಡಿದರೆ ಬೇಕಂತ ಮಾಡಿದ್ದು ಅನ್ನಿಸುತ್ತದೆ.

ಬ್ರಶ್ ತಾತ
ಒತ್ತನ್ನು ಅಂಟಿಸುವುದು ನನಗೆ ಒಪ್ಪಿಗೆ ಇಲ್ಲ. ಒತ್ತು ಬಿಡಿಯಾಗಿದ್ದರೇ ಓದಲು ಸಲೀಸು. ದೂರದಿಂದ ನೋಡುವ ಮುದುಕರಿಗೆ ಅದು ಒಂದು ಗೋಜಲು. ತಳ ಚಪ್ಪಟೆ ಮಾಡುವುದು ಸರಿ.

ಒತ್ತಕ್ಷರ
ತಾತ, ಕೈಬರಹದಲ್ಲಿ ಎಷ್ಟೋ ಜನ ಸೇರಿಸಿಯೇ ಬರೆಯುತ್ತಾರಲ್ಲ?

ಬ್ರಶ್ ತಾತ
ಕೈಬರಹ ಹತ್ತಿರದಿಂದ ಓದುವುದು ತಾಯಿ. ಬೋರ್ಡ್ ಬಸ್ಸಿನಿಂದ ಓದುವುದು.

ಗಂಗಾವತಿ ಸೋನಾ
ಈ ಫಾಂಟ್‌ಗೆ ದುಡ್ಡು ಕೊಡಬೇಕಾ? ಅಕ್ಷರ ತಿದ್ದಿದರೆ ಯಾರಾದರೂ ಕೇಸ್ ಹಾಕುತ್ತಾರಾ?

ಕೋರೆಲ್ ಕೈಚಳಕ
ಬಲೂ ತಮ್ಮ ಮುಕ್ತ ಲೈಸೆನ್ಸಿನದು. ಬೋರ್ಡ್‌ಗೂ ಹಾಕಬಹುದು, ಗೆರೆ ಮಾಡಿ ತಿದ್ದಲೂಬಹುದು. ಫಾಂಟನ್ನೇ ಪ್ರತ್ಯೇಕವಾಗಿ ಮಾರಬಾರದು ಅಷ್ಟೇ. ದುಡ್ಡಿನ ಫಾಂಟ್ ಆದರೆ ಲೈಸೆನ್ಸ್ ಓದಿ ನೋಡಬೇಕು.

ಟೋಸ್ಟ್ ಪ್ರಿಯೆ
ಇಂಗ್ಲಿಷ್‌ನಲ್ಲಿ ಹೆಸರು ಬೇಡವಾ? ಬೋರ್ಡ್‌ನಲ್ಲಿ 60% ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದಿದ್ದಾರೆ. ಉಳಿದ 40ರಲ್ಲಿ ಹಾಕಬಹುದಲ್ಲ.

ಕೌಲ್‌ಬಜಾರ್ ಹುಡುಗ
ಅಕ್ಕ ಬೇಡ ಅಂದಳು. "ಇಂಗ್ಲಿಷ್ ಓದೋರಿಗೆ ಬನ್ ವಾಸನೆ ಬರುತ್ತೆ ಬಿಡು" ಅಂತೆ.

ಕೌಲ್‌ಬಜಾರ್ ಹುಡುಗ
ಎರಡು ದಿನ ಆಯ್ತು, ಆಗಿದ್ದು ಹೇಳ್ತೀನಿ. ಒತ್ತನ್ನು ಎಡಕ್ಕೆ 11 ಮಿಮೀ ಸರಿಸಿದೆ. ತಲೆಕಟ್ಟು 6 ಮಿಮೀ ಮೊಟಕು, ತುದಿ ದುಂಡಗೆ. ರೆ ಎಳೆದು ತಂದೆ. ಸ್ಕೇಲ್ ಪ್ರಕಾರ ಈಗ ಅ-ಕ 10, ಕ-ರೆ 11. ಜೋಳದ ಪ್ರಕಾರ ಸಮ. ಅ ಬಳಿ 9 ಇದ್ದದ್ದನ್ನು 10 ಮಾಡಿದ್ದು ಯಾಕಂದ್ರೆ, ರೆ ಹತ್ತಿರ ಬಂದಮೇಲೆ ಅ ತೀರಾ ಒತ್ತಿಕೊಂಡಂತೆ ಅನ್ನಿಸಿತು.

ತಾತ ಹೇಳಿದ ಹಾಗೆ ಸ್ಕೇಲ್ ಬಿಟ್ಟು, ಪ್ರಿಂಟ್ ತೆಗೆದು ತಲೆಕೆಳಗು ಮಾಡಿ ಗೋಡೆಗೆ ಅಂಟಿಸಿದೆ. ತಲೆಕೆಳಗಾದರೆ ಓದಲು ಆಗಲ್ಲ, ಕಪ್ಪು ಬಿಳಿ ಮಾತ್ರ ಕಾಣುತ್ತದೆ. ಆಗ ಗೊತ್ತಾಯ್ತು, ಒತ್ತು ಅಂಟಿಸಿದ ಜಾಗದಲ್ಲಿ ಒಂದು ಕಪ್ಪು ಗಂಟು. ಒತ್ತಕ್ಷರ ಅಕ್ಕ ಹೇಳಿದ್ದ ಕೊರೆತ ಸಾಲದಾಗಿತ್ತು, ಇನ್ನೂ ತೆಳು ಮಾಡಿದೆ.

ಆಮೇಲೆ ಎರಡು ತರ ಮಾಡಿ ಶಟರ್‌ಗೆ ಅಂಟಿಸಿದೆ, ಒತ್ತು ಅಂಟಿದ್ದು ಮತ್ತು ಬಿಡಿಯಾಗಿದ್ದು. ಎದುರು ರಸ್ತೆಯಲ್ಲಿ ಚಹಾ ಕುಡಿಯುತ್ತಿದ್ದವರನ್ನು ಕೇಳಿದೆ. ಐದು ಜನರಲ್ಲಿ ನಾಲ್ವರು ಎರಡನ್ನೂ ಸರಿಯಾಗಿ ಓದಿದರು. ಒಬ್ಬರು ವಯಸ್ಸಾದವರು ಅಂಟಿದ್ದನ್ನು ನೋಡಿ 'ಸಕ್ಕರೆ ಬೇಕರಿ' ಅಂದರು.

ಬ್ರಶ್ ತಾತ
ನಾನು ಹೇಳಲಿಲ್ಲವೇ.

ಒತ್ತಕ್ಷರ
ಅದು ಒತ್ತಿನ ತಪ್ಪಲ್ಲ ತಾತ! ಅ-ವನ್ನು ಸ ಅಂದುಕೊಂಡರು. ಬೇಕರಿ ಅಂದಮೇಲೆ ಸಕ್ಕರೆ ನೆನಪಾಗದೆ ಇರುತ್ತದಾ? ಬಿಡಿಯಾಗಿದ್ದದ್ದನ್ನು ಅವರು ಏನಂತ ಓದಿದರು?

ಕೌಲ್‌ಬಜಾರ್ ಹುಡುಗ
ಅದನ್ನು ಎರಡನೆಯದಾಗಿ ತೋರಿಸಿದ್ದೆ. "ಇದೂ ಸಕ್ಕರೆನೇ ಅಲ್ಲೇನಪ್ಪ" ಅಂದರು.

ರಾಯಚೂರು ಬಿಸಿಲು
ಮೊದಲು ಒಂದು ಓದಿಸಿ, ಆಮೇಲೆ ಅವರಿಗೇ ಇನ್ನೊಂದು ತೋರಿಸಿದರೆ ಅದೇನು ಪರೀಕ್ಷೆ. ಒಂದೊಂದನ್ನು ಬೇರೆ ಬೇರೆಯವರಿಗೆ ತೋರಿಸಬೇಕಿತ್ತು.

ಜೀನ್ಸ್ ಹೊಲಿಗೆ
ಬೋರ್ಡ್‌ಗೆ ಬಿಡಿ ಇರಲಿ, ಕವರ್ ಮತ್ತು ಏಪ್ರನ್‌ಗೆ ಅಂಟಿದ್ದು ಇರಲಿ. ನನಗೆ ಅಂಟಿದ್ದೇ ಅನುಕೂಲ, ದಾರ ಕತ್ತರಿಸುವ ಕೆಲಸ ಒಂದು ಕಮ್ಮಿ.

ಪ್ರೀಮಿಯಂ ಲುಕ್
ಎರಡೆರಡು ತರ ಇದ್ದರೆ ಅದು ಗುರುತು ಹೇಗಾಗುತ್ತೆ?

ಕೋರೆಲ್ ಕೈಚಳಕ
ಬಿಡಿ ಇಟ್ಟರೆ ನನ್ನ ಹತ್ತಿರ ಕಟ್ಟಿಂಗ್‌ಗೆ ತರಬೇಡಿ, ಮೇ ತಿಂಗಳಲ್ಲಿ ಬಿದ್ದರೆ ನನ್ನನ್ನೇ ಬೈತೀರಿ.

ಕೌಲ್‌ಬಜಾರ್ ಹುಡುಗ
ಇವತ್ತು ರಾತ್ರಿ ಅಕ್ಕನ ಮಗಳಿಗೆ ಒಂದು ತೋರಿಸುತ್ತೇನೆ. ಇನ್ನೊಂದು ಬೇರೆ ದಿನ.

ಟೋಸ್ಟ್ ಪ್ರಿಯೆ
ಅಂಗಡಿ ಯಾವಾಗ ಶುರು ಅಂತ ಇನ್ನೂ ಯಾರೂ ಕೇಳಿಲ್ಲ. ದಿಲ್ ಪಸಂದ್ ಮಾಡ್ತೀರಾ?

ಕೌಲ್‌ಬಜಾರ್ ಹುಡುಗ
ಮಾಡ್ತೀವಿ ಅಕ್ಕ. ಖಾರಾ ಬನ್ನೂ ಇದೆ. ಬೋರ್ಡ್ ಆಗೋ ತನಕ ಮಾತ್ರ ಅಕ್ಕ ಶಟರ್ ಎತ್ತಲ್ಲವಂತೆ.